ಮೂರು ದಿಂಬುಗಳ ನಡುವಿನ 33 ಇಂಚು

ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಬಂದರೆ ದಾವಣಗೆರೆಯ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಳೆದ ಜಾತ್ರೆಗೆ ನಮ್ಮ ಮನೆಗೂ ಚಳ್ಳಕೆರೆಯಿಂದ ದೊಡ್ಡಪ್ಪ, ಹೊಳಲ್ಕೆರೆಯಿಂದ ಸೋದರತ್ತೆ, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಬಂದಿದ್ದರು. ನಾನು ವಾರದ ಮೊದಲೇ ಸೋಫಾಕ್ಕೆ ಹೊಸ ದಿಂಬುಗಳನ್ನು ಹೊಲಿದು ಮುಗಿಸಿದ್ದೆ. ಒಂದೇ ಬಟ್ಟೆ, ಒಂದೇ ಅಳತೆ, 16 ಇಂಚಿನ ಏಳು ಚೌಕ ದಿಂಬುಗಳು. ಒಂದಕ್ಕೊಂದು ಸ್ವಲ್ಪ ಒರಗಿಸಿ ಈ ಕೈಯಿಂದ ಆ ಕೈವರೆಗೆ ಸಾಲಾಗಿ ನಿಲ್ಲಿಸಿದಾಗ ಸೋಫಾದ ಬೆನ್ನೇ ಕಾಣುತ್ತಿರಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು.

ದೊಡ್ಡಪ್ಪ ಬಂದವರೇ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವರ ಹಾಗೆ ಕುಳಿತರು. "ಹಿಂದೆ ಸರಿದು ಆರಾಮವಾಗಿ ಕುಳಿತುಕೊಳ್ಳಿ ದೊಡ್ಡಪ್ಪ" ಎಂದೆ. "ಇರಲಿ ಬಿಡಮ್ಮ, ದಿಂಬು ಹೊಲಸಾದೀತು" ಎಂದರು. ಸೋದರತ್ತೆ ಒಂದು ದಿಂಬನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಕಾಫಿ ಲೋಟ ಕೊಟ್ಟಾಗ ಆ ದಿಂಬನ್ನು ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡಿದರು. ಸಂಜೆಯ ಹೊತ್ತಿಗೆ ಐದು ದಿಂಬುಗಳು ಮೂಲೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಸೋಫಾದಲ್ಲಿ ಉಳಿದದ್ದು ಎರಡೇ, ಎಡಗೈ ಪಕ್ಕ ಒಂದು, ಬಲಗೈ ಪಕ್ಕ ಒಂದು. ಜನ ಮಾತ್ರ ಈಗ ಬೆನ್ನು ಊರಿ ಕುಳಿತು ನಗುತ್ತಿದ್ದರು.

ನಾನು ಹದಿನಾಲ್ಕು ವರ್ಷದಿಂದ ಮನೆಯಲ್ಲೇ ಸೋಫಾ ಕವರು, ದಿಂಬಿನ ಗವಸು, ಪರದೆ ಹೊಲಿದು ಕೊಡುತ್ತಿದ್ದೇನೆ. ಹೀಗಿದ್ದೂ ಆ ರಾಶಿಯನ್ನು ನೋಡಿದ ಮೇಲೆಯೇ ದಿಂಬುಗಳ ಲೆಕ್ಕವನ್ನು ಹೊಸದಾಗಿ ಶುರು ಮಾಡಿದೆ. ಅಂದಿನವರೆಗೆ ಎಷ್ಟು ದಿಂಬು ಇಟ್ಟರೆ ಚೆಂದ ಎಂದು ಎಣಿಸುತ್ತಿದ್ದೆ. ಈಗ ಎಷ್ಟು ಜಾಗ ಖಾಲಿ ಉಳಿಯಬೇಕು ಎಂಬುದನ್ನು ಮೊದಲು ಅಳೆದು, ಮಿಕ್ಕದ್ದಕ್ಕೆ ದಿಂಬು ಹೊಂದಿಸುತ್ತೇನೆ. ಬಂದವರು ಕೈಯಿಂದ ಏನನ್ನೂ ಸರಿಸದೆ ಕುಳಿತುಕೊಂಡರೆ ಆ ಜೋಡಣೆ ಅವರನ್ನು ಕರೆದಿದೆ ಎಂದು ನನ್ನ ಲೆಕ್ಕ. ನೋಡಲು ಚೆಂದವಾಗಿರುವುದೂ ಬಹುಮಟ್ಟಿಗೆ ಇದನ್ನೇ ಹಿಂಬಾಲಿಸುತ್ತದೆ ಎನ್ನುವುದನ್ನು ನಮ್ಮ ಸೋಫಾದ ಉದಾಹರಣೆಯಲ್ಲೇ ವಿವರಿಸುತ್ತೇನೆ.

ಅಳೆಯಬೇಕಾದದ್ದು ಮೂರು. ಮೊದಲನೆಯದು ಎರಡು ಕೈಗಳ ನಡುವಿನ ಒಳ ಅಗಲ. ನಮ್ಮದು 66 ಇಂಚು. ಅಂಗಡಿಯವರು ಹೇಳುವ ಆರೂವರೆ ಅಡಿಯಲ್ಲಿ ಕೈಗಳೂ ಸೇರಿರುತ್ತವೆ, ಅದು ಇಲ್ಲಿ ಪ್ರಯೋಜನಕ್ಕೆ ಬಾರದು. ಎರಡನೆಯದು ಆಸನದ ಆಳ, ಅಂದರೆ ಬೆನ್ನಿನಿಂದ ಮುಂದಿನ ಅಂಚಿನವರೆಗೆ. ನಮ್ಮದು 22 ಇಂಚು. ಮೂರನೆಯದು ಆಸನದಿಂದ ಬೆನ್ನಿನ ಮೇಲ್ತುದಿಯವರೆಗಿನ ಎತ್ತರ. ಅದು 17 ಇಂಚು. ಮೆತ್ತನೆಯ ಆಸನವಾದರೆ ಅಳೆಯುವಾಗ ಅದನ್ನು ಅಂಗೈಯಿಂದ ಸ್ವಲ್ಪ ಒತ್ತಿ ಹಿಡಿಯಬೇಕು, ಏಕೆಂದರೆ ಮನುಷ್ಯರು ಕುಳಿತಾಗ ಅದು ತಗ್ಗುತ್ತದೆ.

ಇವುಗಳಲ್ಲಿ ಎಲ್ಲರೂ ಮರೆಯುವುದು ಆಳವನ್ನು. ಕುಳಿತಾಗ ಮನುಷ್ಯನ ಬೆನ್ನಿನ ಕೆಳಭಾಗದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಎಷ್ಟು ಉದ್ದವಿದೆಯೋ ಅದಕ್ಕಿಂತ ಎರಡು ಬೆರಳಷ್ಟು ಕಡಿಮೆ ಆಳವಿದ್ದರೆ ಕಾಲು ನೆಲಕ್ಕೆ ಸರಿಯಾಗಿ ಊರುತ್ತದೆ. ನಮ್ಮ ಅತ್ತೆಯವರು ಗಿಡ್ಡ. ಅವರದು 18 ಇಂಚು. ಅವರು 22 ಇಂಚಿನ ಆಸನದಲ್ಲಿ ಬೆನ್ನು ಊರಿದರೆ ಪಾದಗಳು ಗಾಳಿಯಲ್ಲಿ ತೂಗುತ್ತವೆ, ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತದೆ. ದೊಡ್ಡಪ್ಪನವರು ಆರಡಿ ಎತ್ತರ. ಅವರಿಗೆ ಅದೇ 22 ಇಂಚು ಹೇಳಿ ಮಾಡಿಸಿದಂತಿದೆ. ಚೆನ್ನಾಗಿ ತುಂಬಿದ ದಿಂಬು ಒಂದು, ಬೆನ್ನು ಒತ್ತಿದ ಮೇಲೆಯೂ, ನಾಲ್ಕೈದು ಇಂಚು ಆಳವನ್ನು ತಿನ್ನುತ್ತದೆ. ಅತ್ತೆಯವರಿಗೆ ಅದು ಬೇಕು. ದೊಡ್ಡಪ್ಪನವರಿಗೆ ಅದು ಬೇಡ. ಒಂದರ ಮೇಲೊಂದು ಒರಗಿದ ನನ್ನ ಏಳು ದಿಂಬುಗಳ ಸಾಲು ಕೆಲವೆಡೆ ಏಳು ಇಂಚು ತಿಂದುಹಾಕಿತ್ತು. ಉಳಿದದ್ದು 15 ಇಂಚು. ದೊಡ್ಡಪ್ಪ ಸಂಕೋಚದಿಂದ ತುದಿಯಲ್ಲಿ ಕುಳಿತರೆಂದು ನಾನು ಅಂದುಕೊಂಡಿದ್ದೆ. ಅಲ್ಲಿ ಅವರಿಗೆ ಹಿಂದೆ ಸರಿಯಲು ಜಾಗವೇ ಇರಲಿಲ್ಲ.

ಹಾಗಾಗಿ ಒಂದೇ ಸೋಫಾದಲ್ಲಿ ಎರಡು ಆಳಗಳು ಇರಬೇಕೆಂದು ನಿರ್ಧರಿಸಿದೆ. ದಿಂಬು ಇರುವ ಕಡೆ ಗಿಡ್ಡವರಿಗೆ, ದಿಂಬಿಲ್ಲದ ಕಡೆ ಎತ್ತರದವರಿಗೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಅವರವರ ಮೈಗೆ ಹೊಂದುವ ಜಾಗವನ್ನು ಜನ ತಾವಾಗಿ ಹುಡುಕಿಕೊಳ್ಳುತ್ತಾರೆ.

ಇನ್ನು ಸಂಖ್ಯೆ. ಒಬ್ಬರು ಇಕ್ಕಟ್ಟಿಲ್ಲದೆ ಕುಳಿತುಕೊಳ್ಳಲು 20ರಿಂದ 22 ಇಂಚು ಅಗಲ ಬೇಕು. 66ರಲ್ಲಿ ಮೂವರು ಸರಿಯಾಗಿ ಹಿಡಿಸುತ್ತಾರೆ. ಮೊದಲು ಐದು ದಿಂಬು ಇಟ್ಟು ನೋಡಿದೆ, ಏಕೆಂದರೆ ಚಿತ್ರಗಳಲ್ಲಿ ಐದೇ ಚೆಂದ ಕಾಣುತ್ತವೆ. ಎರಡೂ ಮೂಲೆಗಳಲ್ಲಿ ದೊಡ್ಡದೊಂದು, ಅದರ ಪಕ್ಕಕ್ಕೆ ಅರ್ಧ ಮರೆಯಾಗುವಂತೆ ಚಿಕ್ಕದೊಂದು, ನಡುವೆ ಉದ್ದದ್ದೊಂದು. ಒಂದೊಂದು ಮೂಲೆಯ ಜೋಡಿಯೇ ಸುಮಾರು 24 ಇಂಚು ಆಕ್ರಮಿಸಿತು. ನಡುವೆ ಮಿಕ್ಕದ್ದು 18 ಇಂಚು, ಅಲ್ಲೂ ಒಂದು ದಿಂಬು. ಬಾಗಿಲಿನಿಂದ ನೋಡಿದರೆ ತುಂಬಿದ ಮನೆಯಂತೆ ಇತ್ತು. ಆದರೆ ಎತ್ತದೆ ಕುಳಿತುಕೊಳ್ಳಲು ಒಂದು ಜಾಗವೂ ಇರಲಿಲ್ಲ. ಎಂಟು ಅಡಿಯ ಸೋಫಾ ಇದ್ದವರಿಗೆ ಐದು ಹೊಂದುತ್ತವೆ. ಆರೂವರೆ ಅಡಿಯದಕ್ಕೆ ಮೂರೇ ಸರಿ, ಇಬ್ಬರು ಕೂರುವ ಸೋಫಾಕ್ಕೆ ಎರಡು, ಒಬ್ಬರ ಕುರ್ಚಿಗೆ ಒಂದು.

ಮೂರಕ್ಕೆ ಬಂದಾಗ ಜೋಡಣೆ ಹೀಗಾಯಿತು. ಎಡ ಮೂಲೆಯಲ್ಲಿ 18 ಇಂಚಿನ ಚೌಕ ದಿಂಬು. ಅದರ ಮುಂದೆ 12ಕ್ಕೆ 18ರ ಅಡ್ಡ ಉದ್ದದ ದಿಂಬು. ಬಲ ಮೂಲೆಯಲ್ಲಿ 18ರದ್ದೇ ಇನ್ನೊಂದು ಚೌಕ ದಿಂಬು, ಅದರ ಮುಂದೆ ಏನೂ ಇಲ್ಲ. ತುಂಬಿದ ಮೇಲೆ 18ರ ದಿಂಬು ನಿಜವಾಗಿ ಹದಿನಾರೂವರೆ ಇಂಚಿನಷ್ಟೇ ಅಗಲ ನಿಲ್ಲುತ್ತದೆ, ಆದ್ದರಿಂದ ಎರಡು ಮೂಲೆಗಳಿಗೆ 33 ಇಂಚು ಹೋಯಿತು, ನಡುವೆ 33 ಇಂಚು ಖಾಲಿ ಉಳಿಯಿತು. ಆ ಖಾಲಿ ಜಾಗ ಬಾಗಿಲಿನಿಂದಲೇ ಕಾಣುತ್ತದೆ. ಎತ್ತರದವರು ನಡುವೆ ಕುಳಿತುಕೊಳ್ಳುತ್ತಾರೆ. ಗಿಡ್ಡವರು ಬಲ ಮೂಲೆಗೆ ಹೋಗುತ್ತಾರೆ. ಅಲ್ಲಿ ದಿಂಬು ಕಳೆದು ಹದಿನೇಳು, ಹದಿನೆಂಟು ಇಂಚು ಆಳ ಸಿಗುತ್ತದೆ. ಎಡ ಮೂಲೆ ಕಿಟಕಿಯ ಪಕ್ಕ, ಮಧ್ಯಾಹ್ನ ಬಿಸಿಲು ಬೀಳುವುದರಿಂದ ಅಲ್ಲಿಗೆ ಕೊನೆಗೆ ಹೋಗುವವರೇ ಎಲ್ಲರೂ. ಎರಡು ದಿಂಬುಗಳನ್ನು ಒಟ್ಟಿಗೆ ಇಡಲು ಆ ಮೂಲೆಯನ್ನು ಆರಿಸಿದ್ದು ಇದಕ್ಕಾಗಿಯೇ. ಮೂರನೆಯವರು ಬಂದರೆ ಮುಂದಿನ ಉದ್ದ ದಿಂಬೊಂದನ್ನು ಎತ್ತಿದರೆ ಸಾಕು, ಮೂರನೆಯ ಆಸನ ತಯಾರು. ನಿಮ್ಮ ಮನೆಯಲ್ಲಿ ಯಾವ ಮೂಲೆ ಕೊನೆಗೆ ತುಂಬುತ್ತದೆ ಎಂಬುದನ್ನು ಎರಡು ದಿನ ಗಮನಿಸಿದರೆ ತಿಳಿಯುತ್ತದೆ. ಟಿವಿ ಕಾಣದ ಮೂಲೆ ಇರಬಹುದು, ಫ್ಯಾನಿನ ಗಾಳಿ ತಲುಪದ ಮೂಲೆ ಇರಬಹುದು.

ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಎಂದಾಗ ಅತ್ತೆಯವರು ಮೊದಲ ದಿನ ಒಪ್ಪಲಿಲ್ಲ. "ಒಂದು ಕಡೆ ಭಾರವಾದ ತಕ್ಕಡಿಯ ಹಾಗಿದೆ" ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಬಲಗಡೆ ನೋಟ ಹಗುರವಾಗಿತ್ತು. ಆ ಪಕ್ಕಕ್ಕೆ ದೀಪದ ಕಂಬವೊಂದನ್ನು ಸರಿಸಿ ನಿಲ್ಲಿಸಿದ ಮೇಲೆ ತೂಕ ಸರಿಯಾಯಿತು. ಬೆಸ ಸಂಖ್ಯೆ ಏಕೆ ಹಿಡಿಸುತ್ತದೆ ಎಂದು ನನಗೆ ತೋರುವುದು ಹೀಗೆ: ಎರಡು ಅಥವಾ ನಾಲ್ಕು ಒಂದೇ ರೀತಿಯ ದಿಂಬುಗಳಿದ್ದರೆ ಕಣ್ಣು ತಕ್ಷಣ ಜೋಡಿ ಕಟ್ಟಿ ಮುಗಿಸುತ್ತದೆ. ಮೂರಿದ್ದರೆ ಜೋಡಿಗೆ ಸೇರದ ಒಂದು ಉಳಿದು, ನೋಟ ಅದರತ್ತ ಮತ್ತೆ ಹೋಗುತ್ತದೆ. ಹಾಗೆಂದು ಸಮ ಸಂಖ್ಯೆ ತಪ್ಪು ಎನ್ನುವುದನ್ನು ನಾನು ಒಪ್ಪುವುದಿಲ್ಲ. ದಿವಾನದ ಎರಡು ತುದಿಗಳಲ್ಲಿ ಎರಡು ಲೋಡುಗಳನ್ನು ಇಡುವ ನಮ್ಮ ಹಳೆಯ ಪದ್ಧತಿಗೆ ಮೂರನೆಯದೇನನ್ನೂ ಸೇರಿಸಬೇಕಾಗಿಲ್ಲ. ಅಲ್ಲಿ ಇಬ್ಬರು ಎದುರುಬದುರಾಗಿ ಒರಗಿ ಮಾತನಾಡುತ್ತಾರೆ, ಲೋಡು ಅವರ ಮೊಣಕೈಗೆ ಬೇಕು. ನೋಟ ಕಾರಣಕ್ಕೆ ಹೊಂದಿಕೊಂಡಿದೆ.

ಅಳತೆಯ ವಿಚಾರದಲ್ಲಿ ಹೊಲಿಯುವವರೂ ಕೊಳ್ಳುವವರೂ ತಪ್ಪುವುದು ಒಂದೇ ಕಡೆ. ಗವಸಿನ ಅಳತೆ ಚಪ್ಪಟೆ ಬಟ್ಟೆಯದು. ಅದರೊಳಗೆ ದಿಂಬು ತುಂಬಿದಾಗ ನಡು ಉಬ್ಬುತ್ತದೆ, ಉಬ್ಬಿದಷ್ಟು ಅಂಚುಗಳು ಒಳಗೆ ಸೆಳೆದುಕೊಳ್ಳುತ್ತವೆ. ಅದಕ್ಕೇ 18 ಇಂಚಿನದು ಹದಿನಾರೂವರೆಗೆ ಇಳಿಯುತ್ತದೆ, 16ರದ್ದು ಹದಿನಾಲ್ಕೂವರೆಗೆ. ಬೆನ್ನಿನ ಎತ್ತರಕ್ಕೆ ಹೋಲಿಸುವಾಗ ಈ ತುಂಬಿದ ಅಳತೆಯನ್ನೇ ತೆಗೆದುಕೊಳ್ಳಬೇಕು. ನಮ್ಮ ಸೋಫಾದ ಬೆನ್ನು 17 ಇಂಚು. ಅದರ ಮುಂದೆ ಹದಿನಾರೂವರೆಯ ದಿಂಬು ಸ್ವಲ್ಪ ಹಿಂದಕ್ಕೆ ಒರಗಿ ನಿಂತರೆ ಮೇಲೆ ಬೆನ್ನಿನ ಅಂಚು ತೆಳುವಾಗಿ ಕಾಣಿಸುತ್ತದೆ. ಇದೇ ನನಗೆ ಇಷ್ಟದ ಎತ್ತರ. ನಮ್ಮ ಬೀದಿಯ ಒಬ್ಬ ಮೇಷ್ಟರ ಮನೆಯಲ್ಲಿ ಬೆನ್ನು 14 ಇಂಚಿದ್ದ ತಗ್ಗು ಸೋಫಾಕ್ಕೆ 24ರ ದಿಂಬು ಹೊಲಿಸಿಕೊಂಡಿದ್ದರು. ಮೇಲಿನ ಎಂಟು ಇಂಚಿಗೆ ಹಿಂದೆ ಆಸರೆಯೇ ಇಲ್ಲದೆ ಅವು ದಿನಕ್ಕೆ ಹತ್ತು ಸಲ ಹಿಂದಕ್ಕೆ ಮಡಚಿಕೊಳ್ಳುತ್ತಿದ್ದವು. ಇನ್ನೊಂದು ಮನೆಯಲ್ಲಿ ಎತ್ತರದ ಬೆನ್ನಿನ ಮರದ ಸೋಫಾಕ್ಕೆ 12 ಇಂಚಿನ ಪುಟ್ಟ ಚೌಕಗಳು. ದೂರದಿಂದ ಯಾರೋ ಮರೆತು ಬಿಟ್ಟುಹೋದ ಪೊಟ್ಟಣಗಳಂತೆ ಕಾಣುತ್ತಿದ್ದವು, ಬೆನ್ನಿಗೂ ಒದಗುತ್ತಿರಲಿಲ್ಲ.

ದೊಡ್ಡದು ಹಿಂದೆ, ಚಿಕ್ಕದು ಮುಂದೆ ಎನ್ನುವುದು ಎಲ್ಲರಿಗೂ ಗೊತ್ತಿದೆ. ಎಷ್ಟು ಚಿಕ್ಕದು ಎಂಬುದರಲ್ಲಿ ಗುಟ್ಟಿದೆ. 18ರ ಮುಂದೆ 16ರದ್ದನ್ನು ಇಟ್ಟರೆ ಹಿಂದಿನದರಲ್ಲಿ ಎರಡು ಇಂಚಿನ ಗೆರೆಯೊಂದು ಮಾತ್ರ ಕಾಣುತ್ತದೆ. ನೋಡುವವರಿಗೆ ಅದು ಸರಿಯಾಗಿ ಜೋಡಿಸದ ಒಂದೇ ದಿಂಬಿನಂತೆ ತೋರುತ್ತದೆ. ಮುಂದಿನದು 12 ಇಂಚು ಎತ್ತರದ್ದಾದರೆ ಹಿಂದಿನದರ ಮೇಲಿನ ಮೂರನೆಯ ಒಂದು ಭಾಗ ಸ್ಪಷ್ಟವಾಗಿ ಕಾಣುತ್ತದೆ, ಎರಡೂ ತಮ್ಮ ತಮ್ಮ ಆಕಾರದಲ್ಲಿ ಉಳಿಯುತ್ತವೆ. ಮುಂದಿನದನ್ನು ಹಿಂದಿನದರ ನಟ್ಟನಡುವೆ ಇಡದೆ ಸೋಫಾದ ನಡುವಿನ ಕಡೆಗೆ ಮೂರು ಬೆರಳಷ್ಟು ಸರಿಸುತ್ತೇನೆ. ಕೈಯ ಕಡೆ ಹಿಂದಿನ ದಿಂಬಿನ ಒಂದು ಮೂಲೆ ಪೂರ್ತಿ ಕಾಣಬೇಕು.

ನಿಲ್ಲಿಸುವ ರೀತಿಯೂ ಮುಖ್ಯ. ದಿಂಬಿನ ಕೆಳಅಂಚನ್ನು ಬೆನ್ನಿಗೆ ಅಂಟಿಸಿದರೆ ಅದು ನೆಟ್ಟಗೆ ನಿಂತು ಯಾರಾದರೂ ಪಕ್ಕದಲ್ಲಿ ಕುಳಿತ ಕೂಡಲೇ ಮುಂದಕ್ಕೆ ಬೀಳುತ್ತದೆ. ಕೆಳಅಂಚನ್ನು ಮೂರು ಇಂಚು ಮುಂದಕ್ಕೆ ಎಳೆದು ಮೇಲ್ಭಾಗವನ್ನು ಬೆನ್ನಿಗೆ ತಾಗಿಸಿದರೆ ಒರಗಿ ಭದ್ರವಾಗಿ ನಿಲ್ಲುತ್ತದೆ. ಮೂಲೆಯ ದಿಂಬನ್ನು ಪೂರ್ತಿ ಮುಂದಕ್ಕೆ ಮುಖ ಮಾಡಿಸದೆ, ನಡುವೆ ಕುಳಿತವರ ಕಡೆಗೆ ಸ್ವಲ್ಪ ತಿರುಗಿಸುತ್ತೇನೆ. ಆಗ ಅದರ ಒಂದು ಅಂಚು ಸೋಫಾದ ಕೈಗೆ, ಇನ್ನೊಂದು ಬೆನ್ನಿಗೆ ಆತುಕೊಳ್ಳುತ್ತದೆ. ಮೂಲೆಯ ಮೇಲೆ ನಿಲ್ಲಿಸಿ ವಜ್ರದಾಕಾರ ಮಾಡುವ ಅಭ್ಯಾಸ ನಮ್ಮೂರಿನ ಎಷ್ಟೋ ಮನೆಗಳಲ್ಲಿದೆ. 16ರ ದಿಂಬನ್ನು ಹಾಗೆ ನಿಲ್ಲಿಸಿದರೆ ಅದರ ಎತ್ತರ ಒಮ್ಮೆಲೇ 20 ಇಂಚು ದಾಟುತ್ತದೆ, ತೂಕವೆಲ್ಲ ಒಂದು ಮೂಲೆಯ ಮೇಲೆ ಬೀಳುತ್ತದೆ. ತಿಂಗಳೊಳಗೆ ಆ ಮೂಲೆ ಸೊಟ್ಟಗಾಗುತ್ತದೆ. ಒರಗಿದವರ ಬೆನ್ನಿಗೆ ಮೊದಲು ತಾಗುವುದೂ ಅಂಚು. ನನ್ನ ಬಳಿ ಹೊಲಿಸಿಕೊಂಡವರಿಗೆ ಇದನ್ನು ಬೇಡವೆಂದೇ ಹೇಳುತ್ತೇನೆ.

ಆಕಾರಗಳಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಆ 12ಕ್ಕೆ 18ರ ಉದ್ದ ದಿಂಬು. ಅದು ಸೊಂಟದ ಮೇಲಿನ ತಗ್ಗಿಗೆ ಸರಿಯಾಗಿ ಕೂರುತ್ತದೆ, ಹೆಗಲನ್ನು ಮುಂದಕ್ಕೆ ತಳ್ಳುವುದಿಲ್ಲ, ಮಗುವಿಗೆ ಹಾಲೂಡಿಸುವ ತಾಯಿಗೆ ಮೊಣಕೈಯ ಕೆಳಗೆ ಬೇಕಾಗುತ್ತದೆ, ಮಧ್ಯಾಹ್ನ ಹತ್ತು ನಿಮಿಷ ಒರಗುವವರಿಗೆ ತಲೆದಿಂಬೂ ಆಗುತ್ತದೆ. ಚೌಕಗಳ ನಡುವೆ ಒಂದೇ ಒಂದು ಅಡ್ಡ ಆಕಾರ ಬಂದರೆ ನೋಟಕ್ಕೂ ಬಿಡುವು ಸಿಗುತ್ತದೆ. ಗುಂಡು ದಿಂಬು ನೋಡಲು ಮುದ್ದಾಗಿರುತ್ತದೆ, ಆದರೆ ಬೆನ್ನಿನ ಎಲ್ಲಿಗೂ ಸರಿಯಾಗಿ ಹೊಂದುವುದಿಲ್ಲ, ಉರುಳುತ್ತದೆ. ಮಕ್ಕಳಿರುವ ಮನೆಯಲ್ಲಿ ಒಂದು ಇರಲಿ.

ಇಷ್ಟೆಲ್ಲ ಸರಿಯಾದರೂ ಒಳಗಿನ ತುಂಬು ಸರಿಯಿಲ್ಲದಿದ್ದರೆ ಸಂಜೆಯೊಳಗೆ ಜೋಡಣೆ ಕುಸಿಯುತ್ತದೆ. ಹತ್ತಿ ಗಿರಣಿಗಳಿಂದಲೇ ಹೆಸರಾದ ಊರು ನಮ್ಮದು. ನಾನು ಚಿಕ್ಕವಳಿದ್ದಾಗ ಪಿಂಜಾರರು ಮನೆಯಂಗಳಕ್ಕೇ ಬಂದು, ಬಿಲ್ಲಿನ ತಂತಿ ಮೀಟಿ ಹತ್ತಿ ಹಿಂಜಿ ಹಾಸಿಗೆ, ದಿಂಬು ತುಂಬಿ ಕೊಡುತ್ತಿದ್ದರು. ಹತ್ತಿಯ ದಿಂಬಿಗೆ ತಲೆಯಿಟ್ಟು ಮಲಗುವ ಸುಖಕ್ಕೆ ಸಾಟಿಯಿಲ್ಲ, ಹಾಸಿಗೆಯಲ್ಲಿ ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಸೋಫಾದಲ್ಲಿ ನಿಲ್ಲಬೇಕಾದ ದಿಂಬಿಗೆ ಮಾತ್ರ ಹತ್ತಿ ಒಗ್ಗುವುದಿಲ್ಲ. ಅದು ಭಾರ, ನಿಲ್ಲಿಸಿದರೆ ವಾರಗಳಲ್ಲಿ ಕೆಳಕ್ಕೆ ಇಳಿದು ತಳದಲ್ಲಿ ಗಂಟು ಕಟ್ಟುತ್ತದೆ, ಮೇಲಿನ ಎರಡು ಮೂಲೆಗಳು ಖಾಲಿಯಾಗಿ ಮೇಕೆಯ ಕಿವಿಗಳಂತೆ ಜೋಲುತ್ತವೆ. ಬಿಸಿಲಿಗೆ ಹಾಕಿ ಬಡಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಮತ್ತೆ ಹಿಂಜಿಸಿದರೆ ಹೊಸದರಂತಾಗುತ್ತದೆ. ಬೂರುಗದ ಅರಳೆ ಹಗುರ, ನುಣುಪು, ಆದರೆ ಒತ್ತಿದಷ್ಟು ಪುಡಿಯಾಗಿ ತಗ್ಗುತ್ತದೆ. ಸ್ಪಂಜಿನ ಗಟ್ಟಿ ಹಲಗೆ ಆಕಾರ ಬಿಡುವುದಿಲ್ಲ, ಬೆನ್ನಿಗೆ ಬಗ್ಗುವುದೂ ಇಲ್ಲ. ಹಾಗಾಗಿ ಸೋಫಾಕ್ಕೆ ಪಾಲಿಯೆಸ್ಟರ್ ನಾರು ತುಂಬಿದ ಒಳದಿಂಬುಗಳನ್ನೇ ಬಳಸುತ್ತೇನೆ. ಸ್ಪಂಜಿನ ಚೂರುಗಳನ್ನು ತುಂಬಿದ ಅಗ್ಗದ ದಿಂಬುಗಳು ಮುಟ್ಟಿದರೆ ಉಂಡೆ ಉಂಡೆಯಾಗಿ ಸಿಗುತ್ತವೆ, ಅವನ್ನು ಕೊಳ್ಳಬೇಡಿ.

ಒಳದಿಂಬು ಗವಸಿಗಿಂತ ಎರಡು ಇಂಚು ದೊಡ್ಡದಿರಬೇಕು. 18ರ ಗವಸಿಗೆ 20ರದ್ದು, 16ಕ್ಕೆ 18ರದ್ದು. ಅಂಗಡಿಯಲ್ಲಿ ಸಮ ಅಳತೆಯದನ್ನೇ ಕೊಡುತ್ತಾರೆ. ಸಮ ಅಳತೆಯ ಒಳದಿಂಬು ತುಂಬಿದ ಮೇಲೆ ಕುಗ್ಗಿ ನಿಲ್ಲುವುದರಿಂದ ಗವಸಿನ ನಾಲ್ಕು ಮೂಲೆಗಳೂ ಖಾಲಿ ಉಳಿಯುತ್ತವೆ, ಎರಡು ತಿಂಗಳಲ್ಲಿ ದಿಂಬು ಚೀಲದೊಳಗಿನ ಚೆಂಡಿನಂತೆ ಓಡಾಡುತ್ತದೆ. ನಾಲ್ಕು ಇಂಚು ದೊಡ್ಡದನ್ನು ತುರುಕಿದರೆ ಜಿಪ್ಪು ಎಳೆದುಕೊಂಡು ದಿಂಬು ಕಲ್ಲಿನಂತಾಗುತ್ತದೆ, ಒರಗಿದವರನ್ನು ಮುಂದಕ್ಕೆ ದೂಡುತ್ತದೆ. ನೋಡಿಕೊಳ್ಳುವುದು ಸುಲಭ. ದಿಂಬಿನ ನಡುವೆ ಮುಷ್ಟಿಯಿಂದ ಒತ್ತಿ ಬಿಡಿ. ಗುಳಿ ನಿಧಾನವಾಗಿ ತುಂಬಿಕೊಂಡರೆ ಹದ ಸರಿಯಿದೆ. ತಕ್ಷಣ ಪುಟಿದರೆ ಹೆಚ್ಚಾಗಿದೆ, ಗುಳಿ ಹಾಗೆಯೇ ಉಳಿದರೆ ನಾರು ಸತ್ತಿದೆ. ಮೇಲಂಚಿನ ನಡುವೆ ಕೈಯಿಂದ ಹೊಡೆದು ಕಣಿವೆ ಮಾಡುವುದನ್ನು ಪತ್ರಿಕೆಗಳ ಚಿತ್ರಗಳಲ್ಲಿ ನೋಡಿ ಕೆಲವರು ಕೇಳುತ್ತಾರೆ. ಅದು ಹಕ್ಕಿಯ ಗರಿ ತುಂಬಿದ ದಿಂಬಿಗೆ ಸಲ್ಲುವ ಕೆಲಸ. ನಾರಿನ ದಿಂಬು ಎರಡೇ ನಿಮಿಷದಲ್ಲಿ ಮೊದಲಿನಂತಾಗುತ್ತದೆ.

ಹೊಲಿಯುವವರಿಗೆ ಒಂದು ಮಾತು. ಗವಸನ್ನು ನಿಖರ ಚೌಕವಾಗಿ ಕತ್ತರಿಸಿದರೆ ಮೂಲೆಗಳು ಚೂಪಾಗಿ ಚಾಚುತ್ತವೆ. ಪ್ರತಿ ಮೂಲೆಗೆ ನಾಲ್ಕು ಇಂಚು ಇರುವಾಗಲೇ ಹೊಲಿಗೆಯನ್ನು ಓರೆಯಾಗಿ ಒಳಗೆ ತರುತ್ತಾ ಹೋಗಿ, ಮೂಲೆಯಲ್ಲಿ ಅರ್ಧ ಇಂಚು ಒಳಗೆ ಮುಗಿಸಿದರೆ ತುಂಬಿದ ಮೇಲೆ ಅದು ನಿಜವಾದ ಚೌಕವಾಗಿ ಕಾಣುತ್ತದೆ. ನನ್ನ ಏಳು ದಿಂಬುಗಳಿಗೆ ಅವಸರದಲ್ಲಿ ಇದನ್ನು ಬಿಟ್ಟಿದ್ದೆ, ಸಾಲಾಗಿ ನಿಂತಾಗ ಹದಿನಾಲ್ಕು ಕಿವಿಗಳು ನೆಟ್ಟಗಿದ್ದವು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವರವರ ಕಣ್ಣು. ಎರಡು ದೊಡ್ಡವು ಸೋಫಾದ ಬಣ್ಣಕ್ಕೆ ಹತ್ತಿರದ ಸಾದಾ ಬಟ್ಟೆಯಲ್ಲಿದ್ದು, ಮುಂದಿನ ಉದ್ದ ದಿಂಬಿಗೆ ಮಾತ್ರ ಕುಸುರಿ ಇದ್ದರೆ ನನಗೆ ಸಾಕು. ನಾನು ಅದಕ್ಕೆ ಗುಳೇದಗುಡ್ಡದ ಖಣವನ್ನು ಹಾಕಿದ್ದೇನೆ, ಅದರ ಅಂಚು ಉದ್ದಕ್ಕೆ ಚೆನ್ನಾಗಿ ಹರಿಯುತ್ತದೆ. ಅಮ್ಮನ ಹಳೆಯ ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗಿನಿಂದಲೂ ಒಂದು ಮಾಡಿದ್ದೆ. ಕಣ್ಣಿಗೆ ಹಬ್ಬವಾಗಿತ್ತು, ಆದರೆ ನುಣುಪಿನಿಂದ ಹಿಂದಿನ ದಿಂಬಿನ ಮೇಲಿಂದ ಜಾರಿ ಜಾರಿ ನೆಲಕ್ಕೆ ಬರುತ್ತಿತ್ತು. ಅದರ ಬೆನ್ನಿಗೆ ಒರಟು ಹತ್ತಿ ಬಟ್ಟೆ ಹಚ್ಚಿ ಹೊಲಿದ ಮೇಲೆ ನಿಂತಿತು. ಚಳ್ಳಕೆರೆಯ ಕಂಬಳಿಯ ತುಂಡಿನಿಂದ ಮಾಡಿದ್ದು ಎಲ್ಲಿಟ್ಟರೂ ಕದಲುವುದಿಲ್ಲ, ಆದರೆ ಬರಿ ಕತ್ತಿಗೆ ಚುಚ್ಚುತ್ತದೆ. ಅದನ್ನು ದಿವಾನದ ಕಾಲ ಕಡೆಗೆ ಹಾಕಿದ್ದೇನೆ.

ಮಂಚದ ಲೆಕ್ಕ ಬೇರೆ. ಅಲ್ಲಿ ಮೊದಲು ಎಣಿಸಬೇಕಾದದ್ದು ತಲೆಗಳನ್ನು. ಇಬ್ಬರು ಮಲಗುವ ಮಂಚದ ತಳಪಾಯ ಎರಡು ತಲೆದಿಂಬು, ಅದು ಸಮವೇ. 17ಕ್ಕೆ 27ರ ಎರಡು ತಲೆದಿಂಬುಗಳು 54 ಇಂಚು ಹಿಡಿಯುತ್ತವೆ. ಐದು ಅಡಿಯ ಮಂಚದಲ್ಲಿ ಅಕ್ಕಪಕ್ಕ ಮೂರು ಮೂರು ಇಂಚು ಬಿಟ್ಟು ಸರಿಯಾಗಿ ಕೂರುತ್ತವೆ. ಆರು ಅಡಿಯ ಮಂಚದಲ್ಲಿ ನಡುವೆ ಬೋಳು ಜಾಗ ಉಳಿಯುತ್ತದೆ, ಅಲ್ಲಿಗೆ 18 ಅಥವಾ 20ರ ಚೌಕ ದಿಂಬೊಂದನ್ನು ಎರಡರ ಮೇಲೂ ಸ್ವಲ್ಪ ಹತ್ತುವಂತೆ ಒರಗಿಸಿದರೆ ಮುಗಿಯಿತು. ಅದಕ್ಕಿಂತ ಹೆಚ್ಚಿಗೆ ಇಟ್ಟರೆ ಪ್ರತಿ ರಾತ್ರಿ ನಿದ್ದೆಗಣ್ಣಿನಲ್ಲಿ ಎತ್ತಿಡುವವರು ಯಾರು? ಎತ್ತಿಡಲು ಒಂದು ಕುರ್ಚಿಯಾದರೂ ಹತ್ತಿರವಿರಬೇಕು. ಇಲ್ಲದಿದ್ದರೆ ಅವು ನೆಲದ ಧೂಳು ಹೊತ್ತು ಬೆಳಿಗ್ಗೆ ಹಾಸಿಗೆಗೆ ಮರಳುತ್ತವೆ, ಬಿಸಿಲು ಕಾಲದಲ್ಲಿ ನಮ್ಮೂರಿನ ಧೂಳು ಎಷ್ಟೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಯುಗಾದಿ ಕಳೆದ ಮೇಲೆ ಮದುವೆಯ ಕರೆಯೋಲೆ ಕೊಡಲು ದೊಡ್ಡಪ್ಪ ಮತ್ತೆ ಬಂದಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಸೋಫಾದ ನಡುವಿನ 33 ಇಂಚಿಗೆ ನೇರವಾಗಿ ನಡೆದು, ಬೆನ್ನು ಪೂರ್ತಿ ಊರಿ, ಬಲಗೈಯನ್ನು ಮೂಲೆಯ ದಿಂಬಿನ ಮೇಲೆ ಚಾಚಿ ಕುಳಿತರು. ಅತ್ತೆಯವರು ಒಳಗಿನಿಂದ ಬಂದು ಬಲ ಮೂಲೆಗೆ ಕುಳಿತಾಗ ಕೈ ತೆಗೆದು ಜಾಗ ಕೊಟ್ಟರು. ಅತ್ತೆಯವರ ಎರಡು ಪಾದಗಳೂ ನೆಲದ ಮೇಲಿದ್ದವು. ಹುಡುಗನ ಕಡೆಯವರ ಸುದ್ದಿ, ಛತ್ರದ ಬಾಡಿಗೆ, ಅಡುಗೆಯವರ ಸುದ್ದಿ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು. "ಇನ್ನೊಂದು ಲೋಟ ಕಾಫಿ ಇದ್ದರೆ ಕೊಡಮ್ಮ" ಎಂದರು ದೊಡ್ಡಪ್ಪ. ಖಣದ ದಿಂಬು ಎಡ ಮೂಲೆಯಲ್ಲಿ ನಾನು ಬೆಳಿಗ್ಗೆ ಇಟ್ಟ ಹಾಗೆಯೇ ಇತ್ತು.